ನಿಲ್ಲು, ನೋಡು, ದಾಟು: ಅಸೆಂಬ್ಲಿಯಲ್ಲಿ ಕೂಗೋಕೆ ಒಂದು ಪದ್ಯ

ಜನವರಿ ಬಂತೆಂದರೆ ಶಾಲೆಗಳಲ್ಲಿ ರಸ್ತೆ ಸುರಕ್ಷತೆಯ ಕಾರ್ಯಕ್ರಮ ಶುರು. ಕೆಲವು ವರ್ಷ ಒಂದು ವಾರ, ಕೆಲವು ವರ್ಷ ಇಡೀ ತಿಂಗಳು. ಡ್ರಾಯಿಂಗ್ ಶೀಟಿನ ಮೇಲೆ ಕೆಂಪು, ಹಳದಿ, ಹಸಿರು ದೀಪ ಬರೆಯುತ್ತಾರೆ. ಜಾಥಾ ಹೋಗುತ್ತಾರೆ. ಬೆಳಗ್ಗೆ ಅಸೆಂಬ್ಲಿಯಲ್ಲಿ ಒಬ್ಬರು ಘೋಷಣೆ ಹೇಳಿಕೊಡುತ್ತಾರೆ, ಮಕ್ಕಳು ಕೂಗುತ್ತಾರೆ. ಫೆಬ್ರವರಿಯಲ್ಲಿ ಅದೇ ಮಕ್ಕಳನ್ನು ಕೇಳಿ ನೋಡಿ. ಕೂಗಿದ್ದು ನೆನಪಿರುತ್ತೆ, ಏನು ಕೂಗಿದ್ದು ಅಂತ ನೆನಪಿರಲ್ಲ.

ನಾನು ಸಾಫ್ಟ್‌ವೇರ್ ಎಂಜಿನಿಯರ್. ಕವಿ ಅಲ್ಲ. ನಮ್ಮ ಅಪಾರ್ಟ್‌ಮೆಂಟಿನ ರಾಜ್ಯೋತ್ಸವಕ್ಕೆ ನಾಲ್ಕು ಸಾಲು ಪ್ರಾಸ ಕಟ್ಟಿಕೊಡೋದು ನನ್ನ ಪಾಲಿನ ಕೆಲಸ, ಅಷ್ಟೇ. ಅದು ಹೇಗೋ ಯಲಹಂಕದಲ್ಲಿ ಅಕ್ಕನ ಮಗಳು ಓದುವ ಶಾಲೆಯ ಕನ್ನಡ ಮೇಡಂ ಕಿವಿಗೆ ಬಿತ್ತು. ‘ಸರ್, ಮಕ್ಕಳು ಕೂಗೋ ಥರ ಒಂದು ಪದ್ಯ ಬರ್ಕೊಡಿ. ಒಂದನೇ ಕ್ಲಾಸಿಂದ ಏಳನೇ ಕ್ಲಾಸಿನವರೆಗೂ ಎಲ್ಲರ ಬಾಯಿಗೂ ಬರ್ಬೇಕು. ಒಂದು ನಿಮಿಷ ಮೀರಬಾರ್ದು’ ಅಂದರು. ಅಕ್ಕನ ಮಗಳು ನಾಲ್ಕನೇ ಕ್ಲಾಸು. ದಿನಾ ವ್ಯಾನಿನಿಂದ ಇಳಿದು ಸರ್ವಿಸ್ ರೋಡ್ ದಾಟಿ ಮನೆಗೆ ಬರಬೇಕು. ಹಾಗಾಗಿ ಇದು ಬರೀ ಪ್ರಾಸದ ಕೆಲಸ ಅಂತ ನನಗೆ ಅನ್ನಿಸಲೇ ಇಲ್ಲ. ಅವಳು ಬಾಯಲ್ಲಿ ಹೇಳಿದ್ದನ್ನು ಕಾಲು ಕೇಳಬೇಕು, ಅದೇ ಲೆಕ್ಕ.

ಆ ಪದ್ಯ ಕಟ್ಟಿದ ಬಗೆಯನ್ನು ಇಲ್ಲಿ ಬರೆದಿದ್ದೇನೆ. ನಿಮ್ಮ ಮಕ್ಕಳ ಶಾಲೆಯಲ್ಲೂ ಇಂಥದ್ದು ಬೇಕಾಗಬಹುದು. ಪದ್ಯವನ್ನು ಹಾಗೇ ತಗೊಳ್ಳಿ, ಇಲ್ಲವೇ ನಿಮ್ಮ ರಸ್ತೆಗೆ ತಕ್ಕಂತೆ ಬದಲಾಯಿಸಿಕೊಳ್ಳಿ.

ಲಾರಿ ಹಿಂದಿನ ಸಾಲು ಮಕ್ಕಳಿಗಲ್ಲ

ಕನ್ನಡದಲ್ಲಿ ರಸ್ತೆಯ ಮೇಲಿನ ಅತ್ಯಂತ ಗಟ್ಟಿ ಘೋಷಣೆ ಯಾವುದು ಅಂದರೆ ಎಲ್ಲರೂ ಹೇಳೋದು ‘ಅತಿ ವೇಗ, ತಿಥಿ ಬೇಗ’. ಲಾರಿ ಹಿಂದೆ, ಹೆದ್ದಾರಿ ಪಕ್ಕದ ಬೋರ್ಡಿನಲ್ಲಿ ನೀವೂ ಓದಿರುತ್ತೀರಿ. ಅದು ಯಾಕೆ ತಲೆಯಲ್ಲಿ ಉಳಿಯುತ್ತೆ ಅಂತ ಮಾತ್ರೆ ಹಾಕಿ ನೋಡಿದೆ. ಹೈಸ್ಕೂಲಿನಲ್ಲಿ ಕಲಿತದ್ದೇ: ಗಿಡ್ಡ ಅಕ್ಷರ ಲಘು, ಒಂದು ಮಾತ್ರೆ. ದೀರ್ಘ ಅಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ, ಸೊನ್ನೆ ಇರುವ ಅಕ್ಷರ ಗುರು, ಎರಡು ಮಾತ್ರೆ. ಆ ಲೆಕ್ಕದಲ್ಲಿ ‘ಅತಿ ವೇಗ’ ಐದು ಮಾತ್ರೆ, ‘ತಿಥಿ ಬೇಗ’ ಕೂಡ ಐದು ಮಾತ್ರೆ. ತಕ್ಕಡಿಯಲ್ಲಿ ಇಟ್ಟ ಹಾಗೆ ಸಮ. ಮೇಲೆ ‘ವೇಗ–ಬೇಗ’ ಪ್ರಾಸ ಬೇರೆ.

ಆದರೆ ಆ ಸಾಲು ಮಾತಾಡ್ತಿರೋದು ಸ್ಟೀರಿಂಗ್ ಹಿಡಿದವನ ಜೊತೆ. ಎಂಟು ವರ್ಷದ ಮಗುವಿನ ಕೈಯಲ್ಲಿ ಸ್ಟೀರಿಂಗೂ ಇಲ್ಲ, ಆಕ್ಸಿಲರೇಟರೂ ಇಲ್ಲ. ಶಾಲೆಯಲ್ಲಿ ಕೂಗಿಸುವ ಬಹುಪಾಲು ಘೋಷಣೆಗಳ ತೊಂದರೆ ಇದೇ. ‘ಅವಸರವೇ ಅಪಘಾತಕ್ಕೆ ಕಾರಣ’ ಅನ್ನೋದು ನಿಜ, ಆದರೆ ಅದನ್ನು ಕೂಗಿದ ಮಗು ಸಂಜೆ ರಸ್ತೆ ಅಂಚಿಗೆ ಬಂದಾಗ ಏನು ಮಾಡಬೇಕು? ಆ ಸಾಲಿನಲ್ಲಿ ಮಾಡುವ ಕೆಲಸವೇ ಇಲ್ಲ. ‘ಅಪಘಾತ’, ‘ಕಾರಣ’ ಎರಡೂ ಹೆಸರುಗಳು. ಮಗುವಿಗೆ ಬೇಕಾದದ್ದು ಕ್ರಿಯಾಪದ.

ಹಾಗಾಗಿ ಎರಡು ಷರತ್ತು ಹಾಕಿಕೊಂಡೆ. ಒಂದು, ಮಕ್ಕಳು ಕೂಗುವ ಪ್ರತಿ ಸಾಲಿನಲ್ಲೂ ಮಗು ತನ್ನ ಮೈಯಿಂದ ಮಾಡಬಲ್ಲ ಒಂದೇ ಒಂದು ಕೆಲಸ ಇರಬೇಕು. ಎರಡು, ಆ ಕೆಲಸಗಳು ರಸ್ತೆಯಲ್ಲಿ ಯಾವ ಕ್ರಮದಲ್ಲಿ ಬರುತ್ತವೋ ಪದ್ಯದಲ್ಲೂ ಅದೇ ಕ್ರಮದಲ್ಲಿ ಬರಬೇಕು. ಮೊದಲು ನಿಲ್ಲೋದು, ಆಮೇಲೆ ನೋಡೋದು, ಆಮೇಲೆ ದಾಟೋದು.

ಮೂರು ಮಾತ್ರೆ ತಾನೇ ಸಿಕ್ಕಿತು

ಮಕ್ಕಳ ಪದ್ಯ ಅಂದರೆ ಸಾಮಾನ್ಯವಾಗಿ ನಾಲ್ಕು ಮಾತ್ರೆಯ ಹೆಜ್ಜೆ ಕೈಗೆ ಬರುತ್ತೆ. ಆದರೆ ನನಗೆ ಬೇಕಾದ ಕ್ರಿಯಾಪದಗಳನ್ನು ಒಂದು ಕಾಗದದಲ್ಲಿ ಬರೆದುಕೊಂಡಾಗ ಒಂದು ವಿಷಯ ಕಣ್ಣಿಗೆ ಬಿತ್ತು. ನಿಲ್ಲು, ನೋಡು, ಕೇಳು, ದಾಟು. ನಾಲ್ಕೂ ಒಂದು ಗುರು, ಒಂದು ಲಘು. ಅಂದರೆ ಮೂರು ಮೂರು ಮಾತ್ರೆ. ರಸ್ತೆ, ಅಂಚು, ಗಾಡಿ, ಬಸ್ಸು, ಮತ್ತೆ ಕೂಡ ಹಾಗೇ. ಬಲಕೆ, ಎಡಕೆ, ಹಿಡಿದು, ನಡೆದು ಅನ್ನೋವು ಮೂರು ಲಘು, ಅವೂ ಮೂರೇ ಮಾತ್ರೆ. ರಸ್ತೆ ದಾಟುವ ಕನ್ನಡವೇ ಮೂರು ಮಾತ್ರೆಯ ಕನ್ನಡ. ನಾನು ಹೊಸದಾಗಿ ತಾಳ ತರಬೇಕಾಗಿರಲಿಲ್ಲ.

ಪ್ರಾಸದ ವಿಷಯದಲ್ಲೂ ಒಂದು ಆಯ್ಕೆ ಇತ್ತು. ಹಳೆಯ ಕಾವ್ಯದ ಕ್ರಮ ಸಾಲಿನ ಎರಡನೇ ಅಕ್ಷರದ ಪ್ರಾಸ. ಮಂಜೇಶ್ವರದ ಗೋವಿಂದ ಪೈಗಳು ಆ ಕಟ್ಟನ್ನು ಬಿಟ್ಟು ಬರೆದದ್ದು ಕನ್ನಡದಲ್ಲಿ ದೊಡ್ಡ ಸುದ್ದಿಯಾಗಿತ್ತು. ಅಸೆಂಬ್ಲಿಗೆ ನನಗೆ ಬೇಕಾದದ್ದು ಸಾಲಿನ ಕೊನೆಯ ಪ್ರಾಸ. ಯಾಕೆಂದರೆ ನಾನೂರು ಮಕ್ಕಳು ಒಟ್ಟಿಗೆ ಕೂಗುವಾಗ ಸಾಲಿನ ಆರಂಭ ಚದುರಿಹೋಗುತ್ತೆ. ಒಬ್ಬ ಬೇಗ ಶುರು ಮಾಡ್ತಾನೆ, ಇನ್ನೊಬ್ಬ ತಡವಾಗಿ. ಕೊನೆಯ ಪದದ ಹೊತ್ತಿಗೆ ಎಲ್ಲರೂ ಸೇರಿರುತ್ತಾರೆ. ಗಟ್ಟಿಯಾಗಿ ಕೇಳೋದು ಅದೊಂದೇ ಪದ. ಹಾಗಾದರೆ ಆ ಪದವೇ ಮಾಡಬೇಕಾದ ಕೆಲಸ ಆಗಿರಬೇಕು.

‘ಬೇಡ’ ಕನ್ನಡದಲ್ಲಿ ಕೊನೆಗೆ ಬರುತ್ತೆ

ಇಲ್ಲೇ ಕನ್ನಡಕ್ಕೆ ಇರುವ ಒಂದು ವಿಶೇಷ ತೊಡಕು ಬರುತ್ತೆ. ಇಂಗ್ಲಿಷಿನಲ್ಲಿ ಬೇಡ ಅನ್ನುವ ಪದ ಮೊದಲೇ ಬರುತ್ತೆ. ನಮ್ಮಲ್ಲಿ ಅದು ಕೊನೆಯಲ್ಲಿ. ‘ರಸ್ತೆಯಲ್ಲಿ ಓಡಬೇಡ’ ಅನ್ನೋ ಸಾಲನ್ನು ಮೇಡಂ ಹೇಳಿಕೊಟ್ಟು ಮಕ್ಕಳು ಕೂಗಿದರೆ, ಮೊದಲು ಕಿವಿಗೆ ಬೀಳೋದು ‘ರಸ್ತೆಯಲ್ಲಿ ಓಡ’. ಕೊನೆಯ ಎರಡಕ್ಷರ ಉಸಿರು ಮುಗಿಯುವ ಜಾಗದಲ್ಲಿದೆ, ಮುಂದಿನ ಸಾಲಿನ ಗಡಿಬಿಡಿಯಲ್ಲಿ ನುಂಗಿಹೋಗುತ್ತೆ. ಅಷ್ಟೂ ಸ್ಪಷ್ಟವಾಗಿ ಕೇಳಿದರೂ ಮಗುವಿನ ಮನಸ್ಸಿನಲ್ಲಿ ಮೂಡುವ ಚಿತ್ರ ಓಡುತ್ತಿರುವ ಹುಡುಗನದ್ದೇ.

ಅದಕ್ಕೆ ಮಕ್ಕಳ ಬಾಯಿಗೆ ಬರುವ ಸಾಲುಗಳಲ್ಲಿ ‘ಬೇಡ’, ‘ಬಾರದು’, ‘ಕೂಡದು’ ಒಂದನ್ನೂ ಇಡಲಿಲ್ಲ. ‘ಓಡಬೇಡ’ ಅನ್ನುವ ಜಾಗದಲ್ಲಿ ‘ನಡೆದು ನಡೆದು ದಾಟು’. ‘ಬಸ್ಸಿನ ಮುಂದೆ ನುಗ್ಗಬೇಡ’ ಅನ್ನುವ ಜಾಗದಲ್ಲಿ ‘ಬದಿಗೆ ಸರಿದು ನಿಲ್ಲು’. ಬೇರೆ ಕಡೆ ಸಿಕ್ಕ ಘೋಷಣೆಯನ್ನು ನೀವು ಪರೀಕ್ಷೆ ಮಾಡಬೇಕೆಂದರೆ ಇದೇ ಸುಲಭದ ದಾರಿ. ಕೊನೆಯ ಪದವನ್ನು ಬೆರಳಿನಿಂದ ಮುಚ್ಚಿ ಓದಿ. ಉಳಿದ ಸಾಲು ಅಪಾಯದ ಕೆಲಸ ಹೇಳಿಕೊಡುತ್ತಿದ್ದರೆ ಅದನ್ನು ಬದಲಾಯಿಸಿ.

ಪದ್ಯ

ಒಬ್ಬ ಮಗು ಮೈಕಿನಲ್ಲಿ ಮೊದಲ ಸಾಲು ಹೇಳುತ್ತೆ, ಉಳಿದ ಎಲ್ಲರೂ ಎರಡನೇ ಸಾಲು ಕೂಗುತ್ತಾರೆ. ಜಿ. ಪಿ. ರಾಜರತ್ನಂ ಅವರ ನಾಯಿಮರಿ ಪದ್ಯ ಇಷ್ಟು ವರ್ಷ ಬದುಕಿರೋದರಲ್ಲಿ ಅದು ಪ್ರಶ್ನೋತ್ತರದ ರೂಪದಲ್ಲಿ ಇರೋದೂ ಒಂದು ಕಾರಣ ಅಂತ ನನ್ನ ಎಣಿಕೆ. ಉತ್ತರ ಕೊಡೋದು ಮಕ್ಕಳಿಗೆ ಇಷ್ಟ.

ರಸ್ತೆ ಅಂಚು ಬಂದ ಕೂಡ್ಲೆ
— ನಿಲ್ಲು, ನಿಲ್ಲು, ನಿಲ್ಲು!
ಆಚೆ ಗೆಳೆಯ ಕೂಗಿದಾಗ
— ಇಲ್ಲೆ ಕಾದು ನಿಲ್ಲು!

ಬಲಕೆ ನೋಡು, ಎಡಕೆ ನೋಡು
— ಮತ್ತೆ ಬಲಕೆ ನೋಡು!
ಉಲ್ಟ ಬರುವ ಬೈಕಿಗಾಗಿ
— ಎರಡು ಕಡೆಗು ನೋಡು!

ಗಾಡಿ ಪೂರ ನಿಂತ ಮೇಲೆ
— ನಡೆದು ನಡೆದು ದಾಟು!
ಅಮ್ಮ, ಅಪ್ಪ, ಅಜ್ಜ, ಅಜ್ಜಿ
— ಕೈಯ ಹಿಡಿದು ದಾಟು!

ಶಾಲೆ ಬಸ್ಸು ಇಳಿದ ಮೇಲೆ
— ಬದಿಗೆ ಸರಿದು ನಿಲ್ಲು!
ಬಸ್ಸು ದೂರ ಹೋಗುವನಕ
— ಅಲ್ಲೆ ಕಾದು ನಿಲ್ಲು!

ಅಪ್ಪ ಹೆಲ್ಮೆಟ್ ಹಾಕಿದಾಗ
— ನನಗು ಒಂದು ಬೇಕು!
ಬೆಲ್ಟು ಗದ್ದ ಕೆಳಗೆ ಟಕ್ಕು
— ಆಗ ಹೊರಡಬೇಕು!

ಹೇಳಿಕೊಡುವ ಸಾಲಿನಲ್ಲಿ ಮೂರು ಮಾತ್ರೆಯ ನಾಲ್ಕು ಹೆಜ್ಜೆ. ಕೂಗುವ ಸಾಲಿನಲ್ಲಿ ಮೂರು ಹೆಜ್ಜೆ, ನಾಲ್ಕನೆಯ ಹೆಜ್ಜೆಯ ಜಾಗದಲ್ಲಿ ಒಂದು ಚಪ್ಪಾಳೆ. ಒಟ್ಟು ಎರಡು ಸಾಲಿಗೆ ಎಂಟು ತಾಳ. ಹದವಾದ ವೇಗದಲ್ಲಿ ಹೇಳಿದರೆ ಎಂಟು ತಾಳಕ್ಕೆ ಐದು ಸೆಕೆಂಡ್ ಹಿಡಿಯುತ್ತೆ. ಹತ್ತು ಜೋಡಿ ಸಾಲು ಐವತ್ತು ಸೆಕೆಂಡಿನೊಳಗೆ ಮುಗಿಯುತ್ತೆ. ಮೇಡಂ ಹೇಳಿದ ಒಂದು ನಿಮಿಷ ಮೀರಲಿಲ್ಲ.

‘ಬಲಕ್ಕೆ’ ಅಂತ ಬರೆದರೆ ನಾಲ್ಕು ಮಾತ್ರೆ ಆಗುತ್ತೆ, ಅದಕ್ಕೆ ‘ಬಲಕೆ’. ತಾಳಕ್ಕೆ ಪೂರ್ತಿ ಒಗ್ಗದೆ ಉಳಿದ ಪದ ‘ಹೆಲ್ಮೆಟ್’ ಒಂದೇ, ಅದು ನಾಲ್ಕು ಮಾತ್ರೆ. ಅದನ್ನು ಬೇಕೆಂದೇ ಮೈಕಿನ ಮಗುವಿನ ಸಾಲಿಗೆ ಹಾಕಿದ್ದೇನೆ. ಒಬ್ಬರೇ ಹೇಳುವಾಗ ಕೊನೆಯ ‘ಟ್’ ನುಂಗಿ ಸರಿಮಾಡಿಕೊಳ್ಳಬಹುದು. ನಾನೂರು ಜನ ಒಟ್ಟಿಗೆ ನುಂಗೋಕಾಗಲ್ಲ.

ಯಾವ ಸಾಲು ಯಾಕೆ

ಮೊದಲು ಬಲಕ್ಕೆ ಯಾಕೆ ನೋಡಬೇಕು? ನಮ್ಮಲ್ಲಿ ಗಾಡಿಗಳು ಎಡಬದಿಯಲ್ಲಿ ಹೋಗುತ್ತವೆ. ಅಂಚಿನಲ್ಲಿ ನಿಂತ ಮಗುವಿಗೆ ಅತಿ ಹತ್ತಿರದ ಗಾಡಿ ಬಲದಿಂದ ಬರುತ್ತೆ. ಆಮೇಲೆ ಎಡಕ್ಕೆ ನೋಡುವಷ್ಟರಲ್ಲಿ ಬಲಗಡೆ ಇನ್ನೊಂದು ಗಾಡಿ ಬಂದಿರಬಹುದು, ಅದಕ್ಕೆ ಮತ್ತೆ ಬಲ.

‘ಉಲ್ಟ ಬರುವ ಬೈಕು’ ನಮ್ಮ ಉತ್ತರ ಬೆಂಗಳೂರಿನ ಸಾಲು. ಬಳ್ಳಾರಿ ರಸ್ತೆಯ ಸರ್ವಿಸ್ ರೋಡಿನಲ್ಲಿ ಓಡಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಯು-ಟರ್ನ್ ದೂರ ಇದೆ ಅಂತ ಬೈಕು, ಸ್ಕೂಟರ್, ಒಮ್ಮೊಮ್ಮೆ ಆಟೋ ಕೂಡ ಅಂಚಿಗೆ ಅಂಟಿಕೊಂಡು ಎದುರು ಬರುತ್ತವೆ. ಒನ್ ವೇ ಅಂತ ಒಂದೇ ಕಡೆ ನೋಡಿ ಕಾಲಿಟ್ಟರೆ ಸಿಕ್ಕಿಬೀಳೋದು ಅಲ್ಲೇ. ಪುಸ್ತಕದ ನಿಯಮದಲ್ಲಿ ಇಂಥ ಬೈಕು ಇರಲ್ಲ, ರಸ್ತೆಯಲ್ಲಿ ಇರುತ್ತೆ. ಮಗು ದಾಟೋದು ರಸ್ತೆಯನ್ನು ತಾನೇ.

‘ಗಾಡಿ ಪೂರ ನಿಂತ ಮೇಲೆ’ ಅನ್ನುವಲ್ಲಿ ‘ಪೂರ’ ಅನ್ನೋ ಪದ ಮುಖ್ಯ. ಮಕ್ಕಳಿಗೆ ಅದನ್ನು ಎರಡು ಅರ್ಥದಲ್ಲಿ ಹೇಳಿಕೊಡಬೇಕು. ಗಾಡಿಯ ಚಕ್ರ ತಿರುಗೋದು ನಿಂತಿರಬೇಕು. ಮತ್ತೆ, ಅಕ್ಕಪಕ್ಕದ ಎಲ್ಲ ಗಾಡಿಗಳೂ ನಿಂತಿರಬೇಕು. ಒಂದು ಬಸ್ಸಿನ ಡ್ರೈವರ್ ಮಗುವನ್ನು ನೋಡಿ ‘ಹೋಗು ಪುಟ್ಟ’ ಅಂತ ಕೈಬೀಸುತ್ತಾನೆ ಅಂದುಕೊಳ್ಳಿ. ಆತನ ಉದ್ದೇಶ ಒಳ್ಳೆಯದೇ. ಆದರೆ ಬಸ್ಸಿನ ಪಕ್ಕದಿಂದ ನುಗ್ಗಿಬರುವ ಬೈಕಿನವನಿಗೆ ಮಗು ಕಾಣಲ್ಲ, ಮಗುವಿಗೂ ಬೈಕು ಕಾಣಲ್ಲ. ನಿಂತ ಗಾಡಿಯ ಆಚೆ ಅಂಚಿಗೆ ಬಂದಾಗ ಇನ್ನೊಮ್ಮೆ ನಿಂತು ಇಣುಕಬೇಕು.

ಕಾಯೋದಕ್ಕೆ ಇಷ್ಟು ಸಾಲು ಯಾಕೆ ಅಂತ ಮೇಡಂ ಕೇಳಿದರು. ಲೆಕ್ಕ ತೋರಿಸಿದೆ. ಗಂಟೆಗೆ 40 ಕಿಲೋಮೀಟರ್ ಅಂದರೆ ಸೆಕೆಂಡಿಗೆ 11 ಮೀಟರ್. ಡ್ರೈವರ್ ಮಗುವನ್ನು ನೋಡಿ ಬ್ರೇಕ್ ಒತ್ತೋಕೆ ಒಂದು ಸೆಕೆಂಡ್ ಹಿಡಿದರೆ, ಅಷ್ಟರಲ್ಲೇ ಗಾಡಿ 11 ಮೀಟರ್ ಬಂದಾಯ್ತು. ಬ್ರೇಕ್ ಹಿಡಿದ ಮೇಲೂ ಒಣ ರಸ್ತೆಯಲ್ಲಿ ಸುಮಾರು 9 ಮೀಟರ್ ಜಾರುತ್ತೆ. ಒಟ್ಟು 20 ಮೀಟರ್. ಅದೇ ಗಾಡಿ 60ರಲ್ಲಿ ಇದ್ದರೆ 37 ಮೀಟರ್ ಹತ್ತಿರ ಬೇಕು. ಯಾಕೆಂದರೆ ವೇಗ ಒಂದೂವರೆ ಪಟ್ಟು ಆದರೆ ಬ್ರೇಕಿನ ದೂರ ಎರಡೂಕಾಲು ಪಟ್ಟು ಆಗುತ್ತೆ.

ಇನ್ನು ಮಗುವಿನ ಕಡೆಯಿಂದ ನೋಡಿ. ಎರಡು ಲೇನಿನ ರಸ್ತೆ ಸುಮಾರು 7 ಮೀಟರ್ ಅಗಲ. ಬ್ಯಾಗು ಹೊತ್ತ ಮಗು ಸೆಕೆಂಡಿಗೆ ಒಂದು ಮೀಟರ್ ನಡೆದರೆ ದಾಟೋಕೆ 7 ಸೆಕೆಂಡ್ ಬೇಕು. ಆ 7 ಸೆಕೆಂಡಿನಲ್ಲಿ 40ರ ವೇಗದ ಗಾಡಿ 77 ಮೀಟರ್ ಬಂದಿರುತ್ತೆ. ಐವತ್ತು ಮೀಟರ್ ಆಚೆ ಇರುವ ಗಾಡಿ ಮಗುವಿನ ಕಣ್ಣಿಗೆ ‘ಇನ್ನೂ ದೂರ ಇದೆ’. ಅದು ಹತ್ತಿರ ಬರೋಕೆ ಐದು ಸೆಕೆಂಡೂ ಬೇಡ. ಒಂಬತ್ತು ಹತ್ತು ವರ್ಷದೊಳಗಿನ ಮಕ್ಕಳಿಗೆ ದೂರ ಮತ್ತು ವೇಗ ಎರಡನ್ನೂ ಒಟ್ಟಿಗೆ ಅಳೆಯೋದು ಕಷ್ಟ. ಅದು ದಡ್ಡತನ ಅಲ್ಲ, ಆ ವಯಸ್ಸಿನ ಕಣ್ಣು ಮತ್ತು ಮಿದುಳಿನ ಮಿತಿ. ಹಾಗಾಗಿ ಚಿಕ್ಕ ಮಕ್ಕಳಿಗೆ ‘ದೂರ ಇದ್ದರೆ ದಾಟು’ ಅಂತ ಹೇಳಿಕೊಡೋಕೇ ಹೋಗಬಾರದು. ಗಾಡಿ ನಿಂತಿರಬೇಕು, ಇಲ್ಲವೇ ಗಾಡಿಯೇ ಇರಬಾರದು, ಜೊತೆಗೆ ದೊಡ್ಡವರ ಕೈ ಇರಬೇಕು. ಆರನೇ ಸಾಲು ಅದಕ್ಕೇ.

ಬಸ್ಸಿನ ಎರಡು ಸಾಲು ನನ್ನ ಅಕ್ಕನ ಮಗಳಂಥ ಮಕ್ಕಳಿಗೆ. ಇಳಿದ ತಕ್ಷಣ ಬಸ್ಸಿನ ಮೂಗಿನ ಮುಂದೆಯೋ ಬಾಲದ ಹಿಂದೆಯೋ ಹಾದು ಆಚೆ ಓಡೋದು ಮಕ್ಕಳ ಅಭ್ಯಾಸ. ಬಸ್ಸು ಒಂದು ಗೋಡೆ ಇದ್ದ ಹಾಗೆ. ಆ ಗೋಡೆ ಸರಿಯುವ ತನಕ ಕಾದರೆ ರಸ್ತೆ ತಾನಾಗಿ ಕಾಣುತ್ತೆ. ಕಾಯಬೇಕಾದ ಸಮಯ ಅರ್ಧ ನಿಮಿಷವೂ ಇಲ್ಲ.

ಹೆಲ್ಮೆಟ್ ಸಾಲು ಮಾತ್ರ ಮನೆಯವರ ಕಿವಿಗೆ. ಮೋಟಾರು ವಾಹನ ಕಾಯ್ದೆಯ 129ನೇ ಕಲಮಿನ ಪ್ರಕಾರ ದ್ವಿಚಕ್ರ ವಾಹನದಲ್ಲಿ ನಾಲ್ಕು ವರ್ಷ ಮೀರಿದ ಎಲ್ಲರಿಗೂ ಹೆಲ್ಮೆಟ್ ಕಡ್ಡಾಯ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೇಂದ್ರ ಸರ್ಕಾರ 2022ರ ಫೆಬ್ರವರಿಯಲ್ಲಿ ಬೇರೆ ನಿಯಮ ತಂದಿತು. ಮಗುವನ್ನು ಸವಾರನಿಗೆ ಬಿಗಿಯುವ ಬೆಲ್ಟು ಬೇಕು, ಒಂಬತ್ತು ತಿಂಗಳು ಮೀರಿದ್ದರೆ ಅಳತೆಗೆ ತಕ್ಕ ಹೆಲ್ಮೆಟ್ ಬೇಕು, ಗಾಡಿಯ ವೇಗ 40 ಮೀರಬಾರದು. ಅದು 2023ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಬೆಳಗ್ಗೆ ಆರ್.ಟಿ. ನಗರದ ಯಾವುದೇ ಶಾಲೆ ಗೇಟಿನ ಹತ್ತಿರ ಹತ್ತು ನಿಮಿಷ ನಿಂತು ನೋಡಿ. ಅಪ್ಪನ ತಲೆಗೆ ಹೆಲ್ಮೆಟ್ ಇರುತ್ತೆ, ಹಿಂದೆ ಕೂತ ಮಗುವಿನ ತಲೆಗೆ ಗಾಳಿ. ‘ನನಗು ಒಂದು ಬೇಕು’ ಅಂತ ಮಗುವೇ ಕೇಳಲಿ ಅಂತ ಆ ಸಾಲು. ಬೆಲ್ಟಿನ ‘ಟಕ್ಕು’ ಯಾಕೆಂದರೆ, ಗದ್ದದ ಕೆಳಗೆ ಹಾಕದ ಹೆಲ್ಮೆಟ್ ಬಿದ್ದಾಗ ತಲೆಗಿಂತ ಮೊದಲು ಹಾರಿಹೋಗುತ್ತೆ.

ಮೈದಾನದಲ್ಲಿ ನಿಂತಾಗ

ಕಾಗದದ ಮೇಲೆ ಸರಿಯಾಗಿರೋದು ಮೈದಾನದಲ್ಲಿ ಕೆಡುವ ಎರಡು ಜಾಗ ಇವೆ.

ಒಂದು, ಬಲ ಎಡ ಅದಲುಬದಲಾಗೋದು. ಮುಂದೆ ನಿಂತವರು ಮಕ್ಕಳಿಗೆ ಮುಖ ಮಾಡಿ ‘ಬಲಕೆ ನೋಡು’ ಅಂತ ತಮ್ಮ ಬಲಗೈ ಚಾಚಿದರೆ, ಅದು ಮಕ್ಕಳಿಗೆ ಎಡಗಡೆ. ಚಿಕ್ಕ ಮಕ್ಕಳು ಕಿವಿಗಿಂತ ಕಣ್ಣನ್ನು ನಂಬುತ್ತಾರೆ. ಬಾಯಲ್ಲಿ ಬಲ ಅಂತಾರೆ, ಕತ್ತು ಎಡಕ್ಕೆ ತಿರುಗುತ್ತೆ. ದಿನಾ ಹಾಗೇ ಅಭ್ಯಾಸವಾದರೆ ರಸ್ತೆಯಲ್ಲೂ ಅದೇ ಆಗುತ್ತೆ. ಹೇಳಿಕೊಡುವವರು ಮಕ್ಕಳಿಗೆ ಬೆನ್ನು ಮಾಡಿ ನಿಲ್ಲಬೇಕು, ಇಲ್ಲವೇ ಕನ್ನಡಿಯ ಥರ ಎಡಗೈ ಚಾಚಬೇಕು. ನಮ್ಮ ಮೇಡಂ ಆ ಸಾಲು ಬಂದಾಗ ಮಾತ್ರ ಮೈಕಿನ ಮಗುವನ್ನು ಹಿಂದಕ್ಕೆ ತಿರುಗಿಸಿ ನಿಲ್ಲಿಸುತ್ತಾರೆ.

ಎರಡು, ಸದ್ದು ತಡವಾಗಿ ತಲುಪೋದು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತೆ. ಸ್ಪೀಕರಿನಿಂದ 50 ಮೀಟರ್ ದೂರದ ಕೊನೆಯ ಸಾಲಿಗೆ ಅದು ಹೆಚ್ಚುಕಡಿಮೆ ಕಾಲು ತಾಳ ತಡವಾಗಿ ಕೇಳುತ್ತೆ. ಅವರು ಕೂಗಿದ್ದು ಮುಂದಿನವರಿಗೆ ಇನ್ನೂ ತಡವಾಗಿ. ಉದ್ದ ಸಾಲನ್ನು ಎಲ್ಲರೂ ಒಟ್ಟಿಗೆ ಹೇಳಿದರೆ ಗೊಜ್ಜಾಗೋದು ಹೀಗೆ. ಕೂಗುವ ಸಾಲನ್ನು ಮೂರೇ ಹೆಜ್ಜೆ ಮಾಡಿ ಆಮೇಲೆ ಒಂದು ಚಪ್ಪಾಳೆ ಇಟ್ಟಿರೋದು ಆ ತಡವನ್ನು ನುಂಗಲಿ ಅಂತ. ಎಲ್ಲರ ಚಪ್ಪಾಳೆ ಮುಗಿದ ಮೇಲೆ ಮೈಕಿನ ಮಗು ಮುಂದಿನ ಸಾಲು ಹೇಳಬೇಕು. ಇನ್ನು ಯಲಹಂಕದ ಶಾಲೆಗಳಿಗೆ ಮೂರನೇ ತೊಂದರೆಯೂ ಒಂದಿದೆ, ವಾಯುನೆಲೆಯ ವಿಮಾನ. ಅದು ಬಂದಾಗ ಯಾವ ಛಂದಸ್ಸೂ ಕೆಲಸ ಮಾಡಲ್ಲ, ಸುಮ್ಮನೆ ಕಾಯಬೇಕು.

ಬಾಯಿಪಾಠದ ಅಪಾಯ

ಪದ್ಯ ಚೆನ್ನಾಗಿ ಬಾಯಿಗೆ ಬಂದಷ್ಟೂ ಒಂದು ಅಪಾಯ ಹೆಚ್ಚು. ಇದಕ್ಕೆ ಬ್ರಿಟನ್ನಿನ ಅನುಭವ ಇದೆ. ಅಲ್ಲಿ ಬಹಳ ವರ್ಷ ಮಕ್ಕಳಿಗೆ ‘ಕರ್ಬ್ ಡ್ರಿಲ್’ ಅಂತ ಕಲಿಸುತ್ತಿದ್ದರು. ಮಿಲಿಟರಿ ಕವಾಯತಿನ ಧಾಟಿಯಲ್ಲಿ ನಿಲ್ಲು, ಬಲಕ್ಕೆ ನೋಡು, ಎಡಕ್ಕೆ ನೋಡು ಅಂತ. ಮಕ್ಕಳು ಅದನ್ನು ಮಂತ್ರದ ಹಾಗೆ ಹೇಳಿಕೊಂಡು, ಕತ್ತು ಮಾತ್ರ ತಿರುಗಿಸಿ, ಏನನ್ನೂ ನೋಡದೆ ದಾಟುತ್ತಿದ್ದರು. 1970ರ ದಶಕದ ಆರಂಭದಲ್ಲಿ ಅದರ ಬದಲು ‘ಗ್ರೀನ್ ಕ್ರಾಸ್ ಕೋಡ್’ ಬಂತು. ಅದರಲ್ಲಿ ದಾಟೋಕೆ ಒಳ್ಳೆಯ ಜಾಗ ಹುಡುಕೋದು, ಕಿವಿಗೊಡೋದು, ದಾಟುವಾಗಲೂ ನೋಡುತ್ತಿರೋದು ಎಲ್ಲ ಸೇರಿದವು. ಅದರ ಟಿವಿ ಜಾಹೀರಾತಿನಲ್ಲಿ ಹಸಿರು ಬಟ್ಟೆಯ ವೀರನಾಗಿ ಬರುತ್ತಿದ್ದ ನಟ ಡೇವ್ ಪ್ರೌಸ್, 1977ರ ‘ಸ್ಟಾರ್ ವಾರ್ಸ್’ ಸಿನಿಮಾದಲ್ಲಿ ಡಾರ್ತ್ ವೇಡರ್‌ನ ಕಪ್ಪು ವೇಷದೊಳಗೆ ಇದ್ದ ಅದೇ ಆಜಾನುಬಾಹು.

ಹಾಗಾಗಿ ಪದ್ಯ ಬಾಯಿಗೆ ಬಂದ ಮೇಲೆ ಅರ್ಧ ಕೆಲಸ ಮಾತ್ರ ಆಗಿದೆ ಅಂತ ತಿಳಿದುಕೊಳ್ಳಬೇಕು. ಉಳಿದರ್ಧಕ್ಕೆ ಮೈದಾನದಲ್ಲಿ ಸುಣ್ಣದ ಪುಡಿಯಿಂದ 7 ಮೀಟರ್ ಅಗಲದ ಒಂದು ರಸ್ತೆ ಎಳೆಯಿರಿ. ಎರಡೂ ತುದಿಯಲ್ಲಿ ಒಬ್ಬೊಬ್ಬ ದೊಡ್ಡ ಹುಡುಗರು ಕೈಯಲ್ಲಿ ಅಂಕಿ ಬರೆದ ರಟ್ಟು ಹಿಡಿದು ನಿಲ್ಲಲಿ. ಮಗು ಅಂಚಿಗೆ ಬಂದು ಪದ್ಯ ಹೇಳಿಕೊಂಡು ಬಲ, ಎಡ, ಮತ್ತೆ ಬಲ ನೋಡುತ್ತೆ. ಬಲಗಡೆಯ ಹುಡುಗ ಮೊದಲ ಸಲ 3 ತೋರಿಸಿದ್ದರೆ ಎರಡನೇ ಸಲ 8 ತೋರಿಸಲಿ. ದಾಟುವ ಮೊದಲು ಮೇಡಂ ‘ಏನೇನು ಕಂಡೆ?’ ಅಂತ ಕೇಳಬೇಕು. ಮೂರು ಅಂಕಿಯನ್ನೂ ಹೇಳಿದರೆ ಮಗು ನಿಜವಾಗಿ ನೋಡಿದೆ. ಎಡಗಡೆಯದ್ದು ಮಾತ್ರ ಗೊತ್ತಿಲ್ಲ ಅಂದರೆ ಕತ್ತು ತಿರುಗಿದೆ, ಕಣ್ಣು ತಿರುಗಿಲ್ಲ.

ನಮ್ಮ ಶಾಲೆಯಲ್ಲಿ ಇದನ್ನು ಎರಡನೇ ಕ್ಲಾಸಿನವರ ಜೊತೆ ಮಾಡಿದಾಗ ಮೊದಲ ದಿನ ಹೆಚ್ಚಿನವರಿಗೆ ಕೊನೆಯ ‘ಮತ್ತೆ ಬಲಕೆ’ಯ ಅಂಕಿ ಹೇಳೋಕಾಗಲಿಲ್ಲ. ಬಾಯಿ ಆ ಸಾಲು ಹೇಳುವಷ್ಟರಲ್ಲಿ ಕಾಲು ಆಗಲೇ ರಸ್ತೆಗೆ ಇಳಿದಿತ್ತು. ಮೇಡಂ ಒಂದು ಸುಲಭದ ಉಪಾಯ ಮಾಡಿದರು. ಆ ಸಾಲಿನ ನಂತರದ ಚಪ್ಪಾಳೆಯನ್ನು ರಸ್ತೆ ಅಂಚಿನಲ್ಲಿ ನಿಂತೇ ತಟ್ಟಬೇಕು ಅಂದರು. ಎರಡೂ ಕೈ ಚಪ್ಪಾಳೆಗೆ ಸೇರಿದಾಗ ಕಾಲು ತಾನಾಗಿ ನಿಂತಿತು.

ನಿಮ್ಮ ರಸ್ತೆಗೆ ನಿಮ್ಮ ಸಾಲು

ಈ ಪದ್ಯ ಒಳರಸ್ತೆ ಮತ್ತು ಸರ್ವಿಸ್ ರೋಡಿಗೆ. ಹೆಬ್ಬಾಳದ ಜಂಕ್ಷನ್ನಿನಲ್ಲೋ, ಯಶವಂತಪುರದ ಹತ್ತಿರ ತುಮಕೂರು ರಸ್ತೆಯಲ್ಲೋ ಮಗು ಎಷ್ಟೇ ಚೆನ್ನಾಗಿ ಬಲ ಎಡ ನೋಡಿದರೂ ನೇರ ದಾಟುವ ಹಾಗಿಲ್ಲ. ಅಂಥ ಕಡೆ ಸ್ಕೈವಾಕ್ ಒಂದೇ ದಾರಿ. ಅಲ್ಲಿನ ಶಾಲೆಗಳು ಬಸ್ಸಿನ ಸಾಲುಗಳಿಗೆ ಮೊದಲು ಇದನ್ನು ಸೇರಿಸಿಕೊಳ್ಳಬಹುದು:

ಮೆಟ್ಟಿಲಿರುವ ಸೇತುವೆಯನು
— ಹತ್ತಿ ಇಳಿದು ದಾಟು!

ನಡುವೆ ಡಿವೈಡರ್ ಇರುವ ರಸ್ತೆಯಲ್ಲಿ ದೊಡ್ಡ ಕ್ಲಾಸಿನವರಿಗೆ ಇನ್ನೊಂದು ಸಾಲು ಬೇಕು. ಡಿವೈಡರ್ ತಲುಪಿದ ಮೇಲೆ ಗಾಡಿ ಬರೋದು ಎಡದಿಂದ. ‘ಬಲ ಮೊದಲು’ ಅಂತ ಕಲಿತ ಮಗು ಅಲ್ಲೂ ಬಲಕ್ಕೇ ನೋಡುತ್ತೆ:

ನಡುವೆ ಕಟ್ಟೆ ಸಿಕ್ಕಿದಾಗ
— ಎಡಕೆ ಮೊದಲು ನೋಡು!

ಈ ಸಾಲನ್ನು ಒಂದರಿಂದ ನಾಲ್ಕನೇ ಕ್ಲಾಸಿನವರಿಗೆ ಹೇಳಿಕೊಡಬೇಡಿ. ಆ ವಯಸ್ಸಿನವರು ಅಂಥ ರಸ್ತೆಯನ್ನು ಒಬ್ಬರೇ ದಾಟಲೇಬಾರದು, ಮೇಲಾಗಿ ಬಲ ಎಡದ ಕ್ರಮವೂ ಅವರಿಗೆ ಕಲಸಿಹೋಗುತ್ತೆ.

ನೀವೇ ಸಾಲು ಕಟ್ಟುವುದಾದರೆ ಹೀಗೆ ಮಾಡಿ. ಮೊದಲು ಒಂದು ಸಂಜೆ ಶಾಲೆ ಬಿಡುವ ಹೊತ್ತಿಗೆ ಗೇಟಿನ ಮುಂದೆ ನಿಂತು ಮಕ್ಕಳು ಎಲ್ಲಿ ಎಡವುತ್ತಾರೆ ನೋಡಿ. ನಿಂತ ಕಾರುಗಳ ಸಂದಿಯಿಂದ ಹೊರಬರುತ್ತಾರಾ? ಪಾನಿಪುರಿ ಗಾಡಿ ಆಚೆ ಬದಿಯಲ್ಲಿದೆಯಾ? ಆ ಒಂದು ಜಾಗಕ್ಕೆ ಒಂದು ಸಾಲು ಸಾಕು. ಅದರ ಕೊನೆಯಲ್ಲಿ ನಿಲ್ಲು, ನೋಡು, ದಾಟು ಈ ಮೂರರಲ್ಲಿ ಒಂದು ಪದ ಇಡಿ. ಬೆರಳಿನಲ್ಲಿ ಮೂರು ಮೂರು ಎಣಿಸಿ. ಆಮೇಲೆ ಮನೆಯ ಅತಿ ಚಿಕ್ಕ ಮಗುವಿನ ಹತ್ತಿರ ಒಮ್ಮೆ ಹೇಳಿಸಿ. ಅದರ ನಾಲಿಗೆ ತಡವರಿಸಿದ ಕಡೆ ಪದ ಬದಲಾಯಿಸಿ.

ಅಕ್ಕನ ಮಗಳು ಈಗ ಹೆಲ್ಮೆಟ್ ಸಾಲನ್ನು ಅವರಪ್ಪನ ಮೇಲೆ ಪ್ರಯೋಗ ಮಾಡುತ್ತಿದ್ದಾಳೆ. ಭಾವ ಗಾಡಿ ಸ್ಟಾರ್ಟ್ ಮಾಡಿದರೆ ‘ಟಕ್ಕು ಕೇಳಿಸ್ಲಿಲ್ಲ ಅಪ್ಪಾ’ ಅಂತಾಳಂತೆ. ಅವರು ಇಂಜಿನ್ ಆಫ್ ಮಾಡಿ, ಬೆಲ್ಟು ಹಾಕಿ, ಮತ್ತೆ ಸ್ಟಾರ್ಟ್ ಮಾಡಬೇಕು.